ಹಳೆಯ ಫೋನಿಗೆ ಹಿಡಿಸುವಷ್ಟು ವರ್ಣಮಾಲೆ

ಊರು ಬಿಟ್ಟು ಬಂದ ಕನ್ನಡ ಕುಟುಂಬಗಳಲ್ಲಿ ಫೋನುಗಳಿಗೂ ಒಂದು ವಂಶಾವಳಿ ಇರುತ್ತದೆ. ಹೊಸದು ದುಡಿಯುವ ಮಗನಿಗೆ, ಅದಕ್ಕಿಂತ ಹಿಂದಿನದು ಸೊಸೆಗೆ, ಅದಕ್ಕೂ ಹಿಂದಿನದು ರಜೆಗೆ ಹೋದಾಗ ಊರಿನಲ್ಲಿರುವ ತಾಯಿಗೆ. ರಜೆಯಲ್ಲಿ ಮೊಮ್ಮಕ್ಕಳ ಕೈಗೆ ಸಿಕ್ಕುವುದು ಈ ಕೊನೆಯ ಫೋನು. ಹೊಸ ಫೋನನ್ನು ಮಕ್ಕಳಿಗೆ ಕೊಡಲು ಯಾರಿಗೂ ಧೈರ್ಯ ಬರುವುದಿಲ್ಲ. ಆದ್ದರಿಂದ ಮಕ್ಕಳಿಗೆಂದು ಕನ್ನಡ ಕಲಿಸುವ ಆಟವೊಂದನ್ನು ಮಾಡಿದರೆ, ಅದು ಮನೆಯ ಅತ್ಯಂತ ಹಳೆಯ ಫೋನಿನಲ್ಲಿ ನಡೆಯಲೇಬೇಕು. ಅಲ್ಲಿ ನಡೆಯದಿದ್ದರೆ ಅದು ಯಾರಿಗಾಗಿ ಹುಟ್ಟಿತೋ ಅವರನ್ನು ಮುಟ್ಟಲಿಲ್ಲವೆಂದೇ ಲೆಕ್ಕ.

ಹೈದರಾಬಾದಿನ ಮಾದಾಪುರದಲ್ಲಿ ನಾವು ಮೂವರು ಕನ್ನಡಿಗರು ಸೇರಿ ಒಂದು ಸಣ್ಣ ಕಚೇರಿ ನಡೆಸುತ್ತೇವೆ. 1998ರಲ್ಲಿ ಸೈಬರ್ ಟವರ್ಸ್ ತಲೆಯೆತ್ತಿದ ಮೇಲೆ ಈ ಬಡಾವಣೆ ಹೇಗೆ ಬೆಳೆಯಿತೆಂಬುದು ವಾಚಕರಿಗೆ ತಿಳಿದೇ ಇದೆ. ಆ ದೊಡ್ಡ ಗಾಜಿನ ಕಟ್ಟಡಗಳ ಹಿಂದಿನ ಗಲ್ಲಿಯೊಂದರಲ್ಲಿ, ಟಿಫಿನ್ ಸೆಂಟರೊಂದರ ಮಹಡಿಯ ಮೇಲೆ ನಮ್ಮದು ಎರಡು ಕೋಣೆ. ಬೇರೆಯವರು ಮಾಡಿದ ಆಟಗಳನ್ನು ಹಳೆಯ ಫೋನುಗಳಿಗೆ ಹೊಂದಿಸಿಕೊಡುವುದು ನಮ್ಮ ಕಸುಬು. ದರ್ಜಿಯ ಭಾಷೆಯಲ್ಲಿ ಹೇಳುವುದಾದರೆ ನಾವು ಹೊಸ ಅಂಗಿ ಹೊಲಿಯುವವರಲ್ಲ, ಆಲ್ಟರೇಷನ್ ಮಾಡುವವರು.

ಭಾನುವಾರದ ಕನ್ನಡ ತರಗತಿ ನಡೆಸುವ ಹಿರಿಯ ಮಹಿಳೆಯೊಬ್ಬರು ನಮ್ಮಲ್ಲಿಗೆ ಒಂದು ಆಟವನ್ನು ತಂದರು. ಹೊರಗಿನ ಕುಶಲಕರ್ಮಿಗಳಿಂದ ಮಾಡಿಸಿದ ವರ್ಣಮಾಲೆಯ ಆಟ. ಅಕ್ಷರವನ್ನು ಮುಟ್ಟಿದರೆ ಚಿತ್ರ ಮೂಡುತ್ತದೆ, ಧ್ವನಿ ಕೇಳುತ್ತದೆ. ಚಿತ್ರಗಳು ನಿಜಕ್ಕೂ ಚೆನ್ನಾಗಿದ್ದವು. ಅವರ ಹೊಸ ಫೋನಿನಲ್ಲಿ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ಬಂದದ್ದು ಬೀದರಿನಲ್ಲಿ. 1956ರವರೆಗೆ ಬೀದರವೂ ಹೈದರಾಬಾದೂ ಒಂದೇ ರಾಜ್ಯದಲ್ಲಿದ್ದವಾದ್ದರಿಂದ ಇಲ್ಲಿನ ಎಷ್ಟೋ ಕನ್ನಡ ಮನೆಗಳ ಬೇರು ಆ ಕಡೆಗೇ ಇದೆ. ತರಗತಿಯ ಹುಡುಗನೊಬ್ಬನ ಅಜ್ಜಿ ಫೋನಿನಲ್ಲಿ ನಮಗೆ ದೂರು ಹೇಳಿದ್ದು ಹೀಗೆ: “ತಮ್ಮಾ, ಹಚ್ಚಿದ್ರ ಹತ್ತತದ. ಅಕ್ಷರ ಎಲ್ಲಾ ಕಾಣಸ್ತಾವ. ಹುಡುಗ ‘ಆ’ ಮುಟ್ತಾನ, ಆನಿ ಬರೂದ್ರಾಗೇ ಎಲ್ಲಾ ಮಾಯ ಆಗ್ತದ. ಏನೂ ಹೇಳಂಗಿಲ್ಲ, ಕೇಳಂಗಿಲ್ಲ.”

ಅಜ್ಜಿಯ ಈ ನಾಲ್ಕು ಮಾತಿನಲ್ಲಿ ರೋಗಲಕ್ಷಣವೆಲ್ಲ ಅಡಗಿತ್ತು. “ಏನೂ ಹೇಳಂಗಿಲ್ಲ” ಎಂಬುದು ಬಹಳ ಮುಖ್ಯವಾದ ಸುಳಿವು. ಆಟದ ಬರವಣಿಗೆಯಲ್ಲಿಯೇ ದೋಷವಿದ್ದರೆ ಆಂಡ್ರಾಯ್ಡ್ ಫೋನು ಸಾಮಾನ್ಯವಾಗಿ ‘ಆಟ ನಿಂತುಹೋಯಿತು’ ಎಂಬರ್ಥದ ಒಂದು ಚೀಟಿಯನ್ನಾದರೂ ತೋರಿಸುತ್ತದೆ. ಮೆಮೊರಿ ಸಾಲದೆ ಹೋದಾಗ ಹಾಗಲ್ಲ. ಫೋನಿನೊಳಗೆ ಒಬ್ಬ ಕಾವಲುಗಾರನಿದ್ದಾನೆ. ಜಾಗ ತೀರುತ್ತ ಬಂದಂತೆ ಅವನು ಮೊದಲು ಹಿಂದೆ ಸುಮ್ಮನೆ ಕುಳಿತ ಕಾರ್ಯಕ್ರಮಗಳನ್ನು ಹೊರಗೆ ಕಳಿಸುತ್ತಾನೆ. ಅದೂ ಸಾಲದಿದ್ದರೆ ಕಣ್ಣೆದುರಿಗೆ ನಡೆಯುತ್ತಿರುವುದನ್ನೇ ಮುಗಿಸಿಬಿಡುತ್ತಾನೆ. ಆಟಕ್ಕೆ ಬಾಯಿ ತೆರೆಯಲೂ ಅವಕಾಶವಿರುವುದಿಲ್ಲ. ಪರದೆ ಥಟ್ಟನೆ ಮನೆಯ ಪುಟಕ್ಕೆ ಬಂದು ನಿಲ್ಲುತ್ತದೆ.

ಸಂಶಯ ಸಾಕಾಗುವುದಿಲ್ಲ, ಸಾಕ್ಷಿ ಬೇಕು. ಅಜ್ಜಿಯ ಫೋನನ್ನು ಅವರ ಮಗ ಮುಂದಿನ ವಾರ ಬರುವಾಗ ತಂದುಕೊಟ್ಟರು. ಒಂದು ಜಿ.ಬಿ. ಮೆಮೊರಿ, 720 ಚುಕ್ಕೆ ಅಗಲ 1280 ಚುಕ್ಕೆ ಎತ್ತರದ ಪರದೆ, ಒಳಗೆ ಅಡ್ರಿನೋ 306 ಎಂಬ ಚಿತ್ರಯಂತ್ರ. ಅದನ್ನು ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ ನಾವು ಕೊಟ್ಟ ಆಜ್ಞೆಗಳು ಮೂರೇ. ಆಟದ ಹೆಸರಿನ ಜಾಗದಲ್ಲಿ ಇಲ್ಲಿ ಒಂದು ಮಾದರಿ ಹೆಸರನ್ನು ಹಾಕಿದ್ದೇವೆ.

```
adb logcat
adb shell dumpsys meminfo org.example.akshara
adb shell "dumpsys SurfaceFlinger | grep GLES"
```

ಮೊದಲನೆಯದು ಫೋನಿನ ದಿನಚರಿಯನ್ನು ತೋರಿಸುತ್ತದೆ. ಆಟ ತನ್ನ ದೋಷದಿಂದಲೇ ಬಿದ್ದರೆ ಅಲ್ಲಿ `FATAL EXCEPTION` ಅಥವಾ `Fatal signal` ಎಂದು ಇರುತ್ತದೆ. ನಮಗೆ ಕಂಡದ್ದು ಅದಲ್ಲ. ಬರಿಯ `has died` ಎಂಬ ಸಾಲು. ಎಂದರೆ ಹೊರಗಿನವರು ಮುಗಿಸಿದ್ದು. ಎರಡನೆಯ ಆಜ್ಞೆ ಆಟ ಎಷ್ಟು ಜಾಗ ಹಿಡಿದಿದೆ ಎಂಬ ಲೆಕ್ಕ ಕೊಡುತ್ತದೆ. ಅದರಲ್ಲಿ `GL mtrack` ಎಂಬ ಸಾಲು ಚಿತ್ರಗಳ ಪಾಲು. ಅಕ್ಷರಗಳ ಪುಟ ತೆರೆದಾಗ ಅದು ನೂರಮೂವತ್ತರ ಆಸುಪಾಸಿನಲ್ಲಿತ್ತು. ‘ಆ’ ಮುಟ್ಟಿದೊಡನೆ ಮೇಲಕ್ಕೆ ಜಿಗಿಯಿತು, ಆಮೇಲೆ ಆಟವೇ ಇಲ್ಲ. ಮೂರನೆಯ ಆಜ್ಞೆ ಚಿತ್ರಯಂತ್ರದ ಹೆಸರನ್ನೂ ಅದು ಓಪನ್ ಜಿ.ಎಲ್. ಇ.ಎಸ್. ಎಂಬ ವ್ಯವಸ್ಥೆಯ ಯಾವ ಆವೃತ್ತಿಯನ್ನು ಬಲ್ಲದೆಂಬುದನ್ನೂ ಹೇಳುತ್ತದೆ. ಈ ಫೋನಿನದು 3.0. ಈ ಅಂಕೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

“ಇಡೀ ಆಟ ಇಪ್ಪತ್ತು ಎಂ.ಬಿ. ಕೂಡ ಇಲ್ಲವಲ್ಲ, ಅದು ಹೇಗೆ ಒಂದು ಜಿ.ಬಿ. ಫೋನನ್ನು ತುಂಬುತ್ತದೆ?” ಎಂದು ತರಗತಿಯ ಅಮ್ಮನವರು ಕೇಳಿದರು. ನ್ಯಾಯವಾದ ಪ್ರಶ್ನೆ. ಹಿಂದಿನ ಕಾಲದಲ್ಲಿ ರೈಲು ಪ್ರಯಾಣಕ್ಕೆ ಹಾಸಿಗೆಯನ್ನು ಹೋಲ್ಡಾಲಿನಲ್ಲಿ ಸುತ್ತಿ ಕಟ್ಟಿಕೊಂಡು ಹೋಗುತ್ತಿದ್ದುದು ಹಿರಿಯ ವಾಚಕರಿಗೆ ನೆನಪಿರಬಹುದು. ಕಟ್ಟಿದಾಗ ಅದು ಕಂಕುಳಲ್ಲಿ ಹಿಡಿಸುತ್ತದೆ. ಬಿಚ್ಚಿ ಹಾಸಿದರೆ ಕೋಣೆ ತುಂಬುತ್ತದೆ. ಪಿ.ಎನ್.ಜಿ. ಚಿತ್ರವೂ ಹಾಗೆಯೇ. ಇಳಿಸಿಕೊಳ್ಳುವಾಗ ಅದು ಸುರುಳಿ. ಆದರೆ ಪರದೆಯ ಮೇಲೆ ಬಿಡಿಸುವಾಗ ಚಿತ್ರಯಂತ್ರಕ್ಕೆ ಯಾವ ಚುಕ್ಕೆ ಯಾವ ಕ್ಷಣದಲ್ಲಿ ಬೇಕಾಗುವುದೋ ಹೇಳಲಾಗದು. ಪ್ರತಿಯೊಂದು ಚುಕ್ಕೆಯೂ ತನ್ನ ನಿಗದಿಯಾದ ಜಾಗದಲ್ಲಿ ಕೈಗೆ ಸಿಗಬೇಕು. ಆದ್ದರಿಂದ ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಲೇಬೇಕು. ಬಿಚ್ಚಿದ ಮೇಲೆ ಒಂದೊಂದು ಚುಕ್ಕೆಗೆ ನಾಲ್ಕು ಬೈಟು: ಕೆಂಪು, ಹಸಿರು, ನೀಲಿಗೆ ಒಂದೊಂದು, ಪಾರದರ್ಶಕತೆಗೆ ಇನ್ನೊಂದು. ಚಿತ್ರ ಎಷ್ಟು ಸರಳವಾಗಿದ್ದರೂ, ಬರಿಯ ಬಿಳಿಯ ಹಾಳೆಯೇ ಆಗಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಆಟ ಮಾಡಿದವರು ಚಿತ್ರಗಳನ್ನೆಲ್ಲ ದೊಡ್ಡ ಹಾಳೆಗಳ ಮೇಲೆ ಜೋಡಿಸಿದ್ದರು. ಇಂಥ ಹಾಳೆಗೆ ನಮ್ಮ ಕಸುಬಿನಲ್ಲಿ ಅಟ್ಲಾಸ್ ಎನ್ನುತ್ತಾರೆ. ಒಂದೊಂದು ಚಿತ್ರಕ್ಕೂ ಬೇರೆ ಹಾಳೆಯಾದರೆ ಚಿತ್ರಯಂತ್ರ ಮತ್ತೆಮತ್ತೆ ಹಾಳೆ ಬದಲಾಯಿಸಬೇಕಾಗಿ ಆಟ ನಿಧಾನವಾಗುತ್ತದೆ. ಹಾಗಾಗಿ ಈ ಪದ್ಧತಿ. ಇಲ್ಲಿ ಮೂರು ಹಾಳೆಗಳಿದ್ದವು: ಅಕ್ಷರಗಳದ್ದು, ಚಿತ್ರಗಳದ್ದು, ಹಿನ್ನೆಲೆ ಮತ್ತು ಗುಂಡಿಗಳದ್ದು. ಒಂದೊಂದೂ ಉದ್ದಕ್ಕೆ 4096, ಅಗಲಕ್ಕೆ 4096 ಚುಕ್ಕೆ. ಲೆಕ್ಕ ಹೀಗಾಗುತ್ತದೆ:

```
4096 × 4096 × 4 = 64 MB
64 MB × 3 = 192 MB
```

ಅಕ್ಷರಗಳ ಪುಟಕ್ಕೆ ಎರಡು ಹಾಳೆ, ಎಂದರೆ 128 ಎಂ.ಬಿ. ‘ಆ’ ಮುಟ್ಟಿದೊಡನೆ ಆನೆಗಾಗಿ ಮೂರನೆಯ ಹಾಳೆ. ಆನೆಯೊಂದೇ ಬೇಕಾಗಿದ್ದರೂ ಅದರ ಜೊತೆಗೆ ಅರಸ, ಇಲಿ, ಊಟ, ಋಷಿ ಎಲ್ಲರೂ ಒಂದೇ ಹಾಳೆಯ ಮೇಲಿರುವುದರಿಂದ ಎಲ್ಲರೂ ಒಟ್ಟಿಗೆ ಬರುತ್ತಾರೆ. ಒಂದು ಜಿ.ಬಿ. ಫೋನಿನಲ್ಲಿ ಆಂಡ್ರಾಯ್ಡ್ ತನ್ನ ಪಾಲನ್ನು ತೆಗೆದುಕೊಂಡ ಮೇಲೆ, ಹಿಂದೆ ನಡೆಯುವ ನಾಲ್ಕಾರು ಕೆಲಸಗಳು ತಮ್ಮ ಪಾಲನ್ನು ತೆಗೆದುಕೊಂಡ ಮೇಲೆ, ಇಷ್ಟು ದೊಡ್ಡ ಪರಿವಾರಕ್ಕೆ ಜಾಗ ಉಳಿಯುವುದಿಲ್ಲ. ಕಾವಲುಗಾರ ಬಂದೇ ಬರುತ್ತಾನೆ.

ಆಟ ಮಾಡಿದವರು ನಮಗಿಂತ ಮೊದಲೇ ಒಂದು ಮದ್ದು ಹಾಕಿದ್ದರು. ಬಿಚ್ಚಿ ಹಾಸದೆಯೇ, ಮಡಿಸಿದ ಸ್ಥಿತಿಯಲ್ಲಿಯೇ ಚಿತ್ರಯಂತ್ರ ನೇರವಾಗಿ ಓದಬಲ್ಲ ಕೆಲವು ಸಂಕೋಚನ ಪದ್ಧತಿಗಳಿವೆ. ಅವುಗಳಲ್ಲಿ ಎ.ಎಸ್.ಟಿ.ಸಿ. ಎಂಬುದು ಉತ್ತಮವಾದದ್ದು, ಎ.ಆರ್.ಎಂ. ಸಂಸ್ಥೆಯವರು ರೂಪಿಸಿದ್ದು. ಅವರು ಎಲ್ಲ ಹಾಳೆಗಳನ್ನೂ ಅದಕ್ಕೆ ಬದಲಾಯಿಸಿದ್ದರು. ಹೊಸ ಫೋನುಗಳಲ್ಲಿ ಮೆಮೊರಿಯ ಬಳಕೆ ಇಳಿಯಿತು. ಅಜ್ಜಿಯ ಫೋನಿನಲ್ಲಿ ಮಾತ್ರ ಮೊದಲಿನಂತೆಯೇ ಬಿತ್ತು, ಜೊತೆಗೆ ತೆರೆಯುವುದಕ್ಕೆ ಇನ್ನಷ್ಟು ಹೊತ್ತು ಹಿಡಿಯತೊಡಗಿತು.

ಕಾರಣ ಆ 3.0 ಎಂಬ ಅಂಕೆಯಲ್ಲಿದೆ. ಎ.ಎಸ್.ಟಿ.ಸಿ.ಯನ್ನು ಓದುವುದು ಕಡ್ಡಾಯವಾದದ್ದು 2015ರಲ್ಲಿ ಬಂದ 3.2 ಆವೃತ್ತಿಯಿಂದ. ಅದಕ್ಕೂ ಹಿಂದಿನ ಕೆಲವು ಯಂತ್ರಗಳು ಅದನ್ನು ಓದುತ್ತವೆ, ಆದರೆ ಅಡ್ರಿನೋ 306 ಓದುವುದಿಲ್ಲ. ಓದಲು ಬಾರದ ಹಾಳೆ ಬಂದಾಗ, ಈ ಆಟವನ್ನು ಕಟ್ಟಿದ ಯೂನಿಟಿ ಎಂಬ ಸಾಧನ ಸುಮ್ಮನೆ ಕೈಚೆಲ್ಲುವುದಿಲ್ಲ. ತಾನೇ ಕುಳಿತು ಅದನ್ನು ಬಿಚ್ಚಿ ನಾಲ್ಕು ಬೈಟಿನ ಹಾಳೆಯನ್ನಾಗಿ ಮಾಡಿ ಕೊಡುತ್ತದೆ. ಚಿತ್ರ ಸರಿಯಾಗಿಯೇ ಕಾಣುತ್ತದೆ, ದೋಷದ ಸೂಚನೆ ಇರುವುದಿಲ್ಲ. ಆದರೆ ಜಾಗ ಮತ್ತೆ 64 ಎಂ.ಬಿ., ಬಿಚ್ಚುವ ಶ್ರಮ ಬೇರೆ. ಗೊತ್ತಾಗುವುದು ಹೇಗೆ ಎಂದರೆ, ಸಂಕೋಚನ ಮಾಡಿದ ಮೇಲೂ `GL mtrack` ಇಳಿಯದೆ ಇದ್ದು, ತೆರೆಯುವ ಹೊತ್ತು ಹೆಚ್ಚಾದರೆ, ಆ ಫೋನಿಗೆ ಆ ಲಿಪಿ ಬಾರದು ಎಂದು ತಿಳಿಯಬೇಕು. ಕನ್ನಡ ಬಾರದವರಿಗೆ ಕನ್ನಡದಲ್ಲಿ ಎಷ್ಟು ಚಿಕ್ಕದಾಗಿ ಕಾಗದ ಬರೆದರೇನು, ಅನುವಾದ ಮಾಡಿಸಿಯೇ ಓದಬೇಕಷ್ಟೆ.

ಹಾಗಾದರೆ 3.0ಕ್ಕೆ ಬರುವ ಲಿಪಿ ಯಾವುದು? ಇ.ಟಿ.ಸಿ.-2. ಎರಿಕ್ಸನ್ ಸಂಸ್ಥೆಯಲ್ಲಿ ಹುಟ್ಟಿದ ಈ ಪದ್ಧತಿಯನ್ನು 2012ರಲ್ಲಿ ಬಂದ 3.0 ಆವೃತ್ತಿ ಕಡ್ಡಾಯ ಮಾಡಿತು. ಆದ್ದರಿಂದ 3.0 ಎಂದು ಹೇಳಿಕೊಳ್ಳುವ ಪ್ರತಿಯೊಂದು ಫೋನೂ, ಅದಕ್ಕಿಂತ ಹೊಸದೂ ಇದನ್ನು ಓದುತ್ತದೆ. ಇದು ಚಿತ್ರವನ್ನು ನಾಲ್ಕು ಚುಕ್ಕೆ ಅಗಲ, ನಾಲ್ಕು ಚುಕ್ಕೆ ಎತ್ತರದ ಚೌಕಗಳಾಗಿ ಕತ್ತರಿಸುತ್ತದೆ. ಚೌಕವೊಂದರಲ್ಲಿ 16 ಚುಕ್ಕೆ. ಬಿಚ್ಚಿದಾಗ 64 ಬೈಟು. ಇ.ಟಿ.ಸಿ.-2 ಅದೇ ಚೌಕವನ್ನು ಪಾರದರ್ಶಕತೆ ಇದ್ದರೆ 16 ಬೈಟಿನಲ್ಲಿ, ಇಲ್ಲದಿದ್ದರೆ 8 ಬೈಟಿನಲ್ಲಿ ಬರೆದಿಡುತ್ತದೆ. ಎಂದರೆ ಕಾಲು ಭಾಗ ಅಥವಾ ಎಂಟನೆಯ ಒಂದು ಭಾಗ. ಎಲ್ಲ ಚೌಕಗಳೂ ಒಂದೇ ಅಳತೆಯವಾದ್ದರಿಂದ ಯಾವ ಚೌಕ ಎಲ್ಲಿದೆ ಎಂಬುದನ್ನು ಯಂತ್ರ ಕೂಡಲೇ ಎಣಿಸಿ ಹಿಡಿಯುತ್ತದೆ, ಬಿಚ್ಚಿ ಹಾಸಬೇಕಾಗಿಲ್ಲ.

ಹಾಳೆಗಳನ್ನು ಹಾಗೆಯೇ ಇ.ಟಿ.ಸಿ.-2ಕ್ಕೆ ತಂದರೆ ಮೂರಕ್ಕೂ ಸೇರಿ 48 ಎಂ.ಬಿ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅಜ್ಜಿಯ ಫೋನಿನಲ್ಲಿ ಭಜನೆಯ ಗುಂಪು, ಮಗಳ ವಿಡಿಯೋ ಕರೆ ಎಲ್ಲ ನಡೆಯುತ್ತಲೇ ಇರುತ್ತವೆ. ಆದ್ದರಿಂದ ಹಾಳೆಗಳ ಅಳತೆಯನ್ನೂ ಒಂದೊಂದಾಗಿ ನೋಡಿದೆವು. ಉದ್ದ ಅಗಲಗಳನ್ನು ಅರ್ಧ ಮಾಡಿದರೆ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ ಎಂಬ ಸರಳ ಗಣಿತವೇ ಇಲ್ಲಿ ದೊಡ್ಡ ಸಹಾಯ.

ಮೊದಲು ಚಿತ್ರಗಳ ಹಾಳೆ. ವರ್ಣಮಾಲೆಯಲ್ಲಿ 49 ಅಕ್ಷರ, ಒಂದೊಂದಕ್ಕೆ 512 ಚುಕ್ಕೆಯ ಒಂದೊಂದು ಮನೆ. ಈ ಅಳತೆಯನ್ನು ನಾವು ಮುಟ್ಟಲಿಲ್ಲ. ಪರದೆಯ ಮೇಲೆ ಚಿತ್ರ ಸುಮಾರು ಅಷ್ಟೇ ದೊಡ್ಡದಾಗಿ ಕಾಣುತ್ತದೆ, ಕುಗ್ಗಿಸಿದರೆ ಮಸುಕಾಗುತ್ತದೆ. ಬದಲಿಗೆ ಹಾಳೆಯನ್ನೇ ಹರಿದು ಹಂಚಿದೆವು. 2048 ಚುಕ್ಕೆಯ ಹಾಳೆಯಲ್ಲಿ 512ರ ಮನೆಗಳು ಹದಿನಾರು ಹಿಡಿಸುತ್ತವೆ. ನಮ್ಮ ವರ್ಣಮಾಲೆಯ ಕಟ್ಟಡ ಇದಕ್ಕೆ ಹೇಳಿ ಮಾಡಿಸಿದಂತಿದೆ. 13 ಸ್ವರ, 2 ಯೋಗವಾಹ ಸೇರಿ 15, ಒಂದು ಹಾಳೆ. ಕ, ಚ, ಟ ವರ್ಗಗಳು ಸೇರಿ 15, ಎರಡನೆಯ ಹಾಳೆ. ತ, ಪ ವರ್ಗಗಳು 10, ಮೂರನೆಯದು. ಅವರ್ಗೀಯ ವ್ಯಂಜನಗಳು 9, ನಾಲ್ಕನೆಯದು. ಮಗು ಕಲಿಯುವುದೂ ಇದೇ ಕ್ರಮದಲ್ಲಾದ್ದರಿಂದ ಒಂದು ಹೊತ್ತಿಗೆ ಒಂದೇ ಹಾಳೆ ಮೆಮೊರಿಯಲ್ಲಿದ್ದರೆ ಸಾಕು. ಇ.ಟಿ.ಸಿ.-2ರಲ್ಲಿ ಅದು 4 ಎಂ.ಬಿ. 64 ಇದ್ದದ್ದು 4 ಆಯಿತು, ಆನೆ ಮಾತ್ರ ಮೊದಲಿನಷ್ಟೇ ದೊಡ್ಡದು.

ಇಲ್ಲಿ ಒಂದು ಎಚ್ಚರ ಬೇಕು. ಹೊಸ ಹಾಳೆ ತರುವಾಗ ಹಳೆಯದನ್ನು ಬಿಟ್ಟುಕೊಡಬೇಕು. ಆಟದ ಯಾವುದೋ ಮೂಲೆಯಲ್ಲಿ ಹಳೆಯ ಹಾಳೆಯ ಒಂದೇ ಒಂದು ಚಿತ್ರವನ್ನು ಯಾರಾದರೂ ಹಿಡಿದುಕೊಂಡಿದ್ದರೂ ಇಡೀ ಹಾಳೆ ಮೆಮೊರಿಯಲ್ಲಿಯೇ ಉಳಿಯುತ್ತದೆ. ಈ ಆಟದಲ್ಲಿ ಬಹುಮಾನದ ಪುಟಕ್ಕೆ ಆನೆಯ ಚಿತ್ರ ಬಳಸಿದ್ದರು. ಹಾಗಾಗಿ ಸ್ವರಗಳ ಹಾಳೆ ಹೋಗಲೇ ಒಲ್ಲದು. ಬಹುಮಾನದ ಆನೆಯನ್ನು ಗುಂಡಿಗಳ ಹಾಳೆಗೆ ಚಿಕ್ಕದಾಗಿ ನಕಲು ಮಾಡಿ ಹಾಕಿದ ಮೇಲೆ ಅದು ಬಿಡುಗಡೆಯಾಯಿತು. ಪುಟದಿಂದ ಪುಟಕ್ಕೆ ಹೋಗಿ ಬಂದು `meminfo` ಅಂಕೆ ಮತ್ತೆ ಇಳಿಯುತ್ತದೆಯೋ ಏರುತ್ತಲೇ ಹೋಗುತ್ತದೆಯೋ ನೋಡಿದರೆ ಇದು ಗೊತ್ತಾಗುತ್ತದೆ.

ಸಂಕೋಚನದ ಬೆಲೆ ಕಂಡದ್ದು ಕಮಲದ ಚಿತ್ರದಲ್ಲಿ. ಗುಲಾಬಿ ಬಣ್ಣದ ದಳ ಹಸಿರು ಎಲೆಗೆ ತಾಗುವ ಅಂಚಿನಲ್ಲಿ ಕೊಳಕು ಚುಕ್ಕೆಗಳು. ಇ.ಟಿ.ಸಿ. ಪದ್ಧತಿಯು ಚೌಕದ ಅರ್ಧರ್ಧಕ್ಕೆ ಒಂದು ಮೂಲ ಬಣ್ಣವನ್ನಿಟ್ಟುಕೊಂಡು, ಉಳಿದದ್ದನ್ನು ಹೆಚ್ಚಾಗಿ ಬೆಳಕು ನೆರಳಿನ ಏರಿಳಿತದಲ್ಲಿ ತೋರಿಸುತ್ತದೆ. ಬಣ್ಣ ಒಂದೇ ಆಗಿದ್ದು ಛಾಯೆ ಬದಲಾದರೆ ಅದಕ್ಕೆ ಸುಲಭ. ಎರಡು ವಿರುದ್ಧ ಬಣ್ಣಗಳು ಒಂದೇ ಚೌಕದಲ್ಲಿ ಜಗಳವಾಡಿದರೆ ಕಷ್ಟ. ಚಿತ್ರಕಾರರಿಗೆ ಹೇಳಿ ದಳಕ್ಕೂ ಎಲೆಗೂ ನಡುವೆ ತೆಳುವಾದ ಕಪ್ಪು ಗೆರೆ ಎಳೆಸಿದೆವು. ಕಲೆ ಬಹುಪಾಲು ಮಾಯವಾಯಿತು. ಮನೆಗಳ ಅಳತೆ ನಾಲ್ಕರಿಂದ ಭಾಗಿಸಿಹೋಗುವಂತೆ ಇರುವುದೂ ಮುಖ್ಯ, ಇಲ್ಲದಿದ್ದರೆ ಒಂದೇ ಚೌಕದಲ್ಲಿ ಎರಡು ಚಿತ್ರಗಳ ಅಂಚು ಸೇರಿ ಪಕ್ಕದ ಮನೆಯ ಬಣ್ಣ ಇಲ್ಲಿಗೆ ಸೋರುತ್ತದೆ. 512 ಹಾಗೆ ಭಾಗಿಸಿಹೋಗುತ್ತದೆ.

ಇನ್ನು ಅಕ್ಷರಗಳ ಹಾಳೆ. ನಮ್ಮ ಚರ್ಚೆ ಹೆಚ್ಚು ನಡೆದದ್ದು ಇಲ್ಲಿಯೇ. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ, ಡ ಮತ್ತು ಢ, ಇವುಗಳ ವ್ಯತ್ಯಾಸವೆಲ್ಲ ಬುಡದಲ್ಲಿರುವ ಒಂದು ಸಣ್ಣ ಸೀಳಿನಲ್ಲಿದೆ. ಆನೆಯ ಕಿವಿ ಸ್ವಲ್ಪ ಮಸುಕಾದರೆ ಅದು ಆನೆಯೇ. ಧಕಾರದ ಸೀಳು ಮುಚ್ಚಿಹೋದರೆ ಅದು ಧಕಾರವಲ್ಲ, ದಕಾರ. ಮಗು ಕಲಿಯುವುದು ತಪ್ಪು ಪಾಠ. ಮನೆಯ ಹೊರಗೆ ತೆಲುಗು ಹಿಂದಿಗಳ ನಡುವೆ ಬೆಳೆಯುವ ಮಗುವಿಗೆ ಅದನ್ನು ತಿದ್ದಲು ಬೀದಿಯಲ್ಲಿ ಕನ್ನಡದ ಬೋರ್ಡೂ ಸಿಗುವುದಿಲ್ಲ.

ಅಕ್ಷರಗಳಿಗೆ ಮನೆ 512 ಚುಕ್ಕೆಯದಿತ್ತು. ಆದರೆ ಅಜ್ಜಿಯ ಪರದೆಯ ಮೇಲೆ ಅತಿ ದೊಡ್ಡದಾಗಿ ತೋರಿಸಿದಾಗಲೂ ಅಕ್ಷರ 240 ಚುಕ್ಕೆಯನ್ನು ಮೀರುತ್ತಿರಲಿಲ್ಲ. ಆದ್ದರಿಂದ ಮನೆಯನ್ನು 256ಕ್ಕೆ ಇಳಿಸಿದರೆ ಕಣ್ಣಿಗೆ ಯಾವ ನಷ್ಟವೂ ಇಲ್ಲ. ಹಾಳೆ 2048ಕ್ಕೆ ಇಳಿಯುತ್ತದೆ. ಇನ್ನೂ ಇಳಿಸಿ 128 ಮಾಡಿ ನೋಡಿದೆವು. ದೊಡ್ಡದಾಗಿ ಹಿಗ್ಗಿಸಿದಾಗ ಅಂಚುಗಳು ಮಂಜಾದವು, ಧಕಾರದ ಸೀಳು ಮುಚ್ಚುತ್ತ ಬಂತು. ಅಲ್ಲಿಗೆ ಕುಗ್ಗಿಸುವುದರ ಎಲ್ಲೆ ಸಿಕ್ಕಿತು: ಪರದೆಯ ಮೇಲೆ ಕಾಣುವ ಅಳತೆಗಿಂತ ಮನೆ ಚಿಕ್ಕದಾಗಕೂಡದು.

ಹಾಳೆಯ ಅಳತೆ ಗೊತ್ತಾಯಿತು. ಪದ್ಧತಿ ಯಾವುದು? ಇ.ಟಿ.ಸಿ.-2ರಲ್ಲಿ ಪಾರದರ್ಶಕತೆ ಸಹಿತ 2048ರ ಹಾಳೆ 4 ಎಂ.ಬಿ., ಚುಕ್ಕೆಗೆ ಒಂದು ಬೈಟು. ಆದರೆ ಈ ಅಕ್ಷರಗಳಿಗೆ ಬಣ್ಣವೇ ಒಂದು. ನಮಗೆ ಬೇಕಾದದ್ದು ಬರಿಯ ಆಕಾರ. ಆಕಾರವನ್ನಷ್ಟೇ ಇಡುವ ಆಲ್ಫಾ-8 ಎಂಬ ರೂಪವೊಂದಿದೆ. ಅದಕ್ಕೂ ಚುಕ್ಕೆಗೆ ಒಂದೇ ಬೈಟು, ಅದೂ 4 ಎಂ.ಬಿ. ಬೆಲೆ ಒಂದೇ, ಆದರೆ ಇದರಲ್ಲಿ ಸಂಕೋಚನವಿಲ್ಲವಾದ್ದರಿಂದ ಒಂದು ಚುಕ್ಕೆಯೂ ಕೆಡುವುದಿಲ್ಲ, ಸೀಳು ಬರೆದ ಹಾಗೆಯೇ ಉಳಿಯುತ್ತದೆ. ಬಣ್ಣವನ್ನು ಪರದೆಯ ಮೇಲೆ ಬಿಡಿಸುವಾಗ ಕೊಟ್ಟರಾಯಿತು. ಬಣ್ಣ ಕೊಡುವ ಆ ಸಣ್ಣ ಬರಹವನ್ನು, ಎಂದರೆ ಶೇಡರನ್ನು, ಇದಕ್ಕೆ ತಕ್ಕಂತೆ ತಿದ್ದದಿದ್ದರೆ ಅಕ್ಷರಗಳು ಕಪ್ಪಾಗಿ ಬರಬಹುದು. ಅದನ್ನು ಕಂಡು ಹಾಳೆ ಕೆಟ್ಟಿತೆಂದು ಹೆದರಬಾರದು.

ಮೂರನೆಯ ಹಾಳೆಯದು ಹೆಚ್ಚು ಮಾತಿಲ್ಲ. ಹಿನ್ನೆಲೆಗೆ ಪಾರದರ್ಶಕತೆ ಬೇಡ; 2048ರ ಹಾಳೆ ಇ.ಟಿ.ಸಿ.-2ರಲ್ಲಿ 2 ಎಂ.ಬಿ. ಗುಂಡಿಗಳನ್ನು ಬೇರೆ ಮಾಡಿ 1024ರ ಹಾಳೆಗೆ ಹಾಕಿದರೆ 1 ಎಂ.ಬಿ. ಎಲ್ಲ ಕೂಡಿಸಿದರೆ 4, 4, 2, 1, ಒಟ್ಟು 11 ಎಂ.ಬಿ. ಮೊದಲಿದ್ದದ್ದು 192. ಹಾಳೆ ಬದಲಾಗುವ ಕ್ಷಣದಲ್ಲಿ ಹಳೆಯದೂ ಹೊಸದೂ ಒಟ್ಟಿಗಿದ್ದರೂ 15ನ್ನು ದಾಟುವುದಿಲ್ಲ.

ಹೊಸ ಫೋನುಗಳಿಗೆ ಎ.ಎಸ್.ಟಿ.ಸಿ., ಹಳೆಯವಕ್ಕೆ ಇ.ಟಿ.ಸಿ.-2 ಎಂದು ಎರಡು ಕಟ್ಟುಗಳನ್ನು ಮಾಡಿ, ಫೋನಿಗೆ ತಕ್ಕದ್ದನ್ನು ಗೂಗಲ್ ಪ್ಲೇ ಮೂಲಕ ಕಳಿಸುವ ಅನುಕೂಲವೂ ಇದೆ. ನೂರಾರು ಎಂ.ಬಿ. ಚಿತ್ರಗಳಿರುವ ದೊಡ್ಡ ಆಟಕ್ಕೆ ಅದು ಒಳ್ಳೆಯದೇ. ಹನ್ನೊಂದು ಎಂ.ಬಿ. ಆಟಕ್ಕೆ ಎರಡೆರಡು ಕಟ್ಟುಗಳನ್ನು ಪರೀಕ್ಷಿಸುತ್ತ ಕೂರುವುದು ನಮಗೆ ಸರಿಕಾಣಲಿಲ್ಲ. ಎಲ್ಲರಿಗೂ ಬರುವ ಒಂದೇ ಲಿಪಿಯನ್ನಿಟ್ಟೆವು. 3.0 ಕೂಡ ಇಲ್ಲದ, 2.0 ಮಾತ್ರ ಬಲ್ಲ ಇನ್ನೂ ಹಳೆಯ ಫೋನುಗಳಿಗೆ ಇದು ಹೊಂದುವುದಿಲ್ಲ. ಅವುಗಳಿಗೆ ಪಾರದರ್ಶಕತೆ ಇಲ್ಲದ ಇ.ಟಿ.ಸಿ.-1 ಹಾಳೆ, ಅದರ ಜೊತೆಗೆ ಆಕಾರಕ್ಕೆಂದು ಇನ್ನೊಂದು ಹಾಳೆ ಬೇಕಾಗುತ್ತದೆ. ತರಗತಿಯ ಮನೆಗಳಲ್ಲಿ ವಿಚಾರಿಸಿದಾಗ ಅಂಥ ಫೋನು ಒಂದೂ ಇರಲಿಲ್ಲವಾದ್ದರಿಂದ ಆ ಕೆಲಸಕ್ಕೆ ಕೈಹಾಕಲಿಲ್ಲ.

ತಿದ್ದಿದ ಆಟ ಈಗ ತರಗತಿಯ ಮಕ್ಕಳ ಬಳಿಯಿದೆ. ಸಂಘದ ಬಂಧುಗಳಲ್ಲಿ ಯಾರಾದರೂ ಮಕ್ಕಳಿಗಾಗಿ ಇಂಥದನ್ನು ಮಾಡಿಸುವುದಿದ್ದರೆ, ಹಣ ಕೊಡುವ ಮೊದಲು ಎರಡು ಪ್ರಶ್ನೆ ಕೇಳಿ: ಪ್ರತಿಯೊಂದು ಹಾಳೆ ಎಷ್ಟು ಚುಕ್ಕೆಯದು, ಯಾವ ಪದ್ಧತಿಯದು. ಅಷ್ಟು ತಿಳಿದರೆ ಉಳಿದದ್ದನ್ನು ಕಾಗದದ ಮೇಲೆ ಗುಣಿಸಿ ನೋಡಬಹುದು. ಆಮೇಲೆ ಊರಿನಲ್ಲಿರುವ ಅಮ್ಮನ ಫೋನಿನಲ್ಲಿ ಹಾಕಿಸಿ, ಅಃ ತನಕ ಒಮ್ಮೆ, ಳಕಾರದ ತನಕ ಒಮ್ಮೆ ಮುಟ್ಟಿಸಿ ನೋಡಿ. ನಡುವೆ ಧಕಾರ ಬಂದಾಗ ಸ್ವಲ್ಪ ನಿಲ್ಲಿಸಿ, ಬುಡದ ಸೀಳು ಕಾಣುತ್ತದೆಯೇ ಎಂದು ಅಮ್ಮನನ್ನೇ ಕೇಳಿ. ಕನ್ನಡಕ ಹಾಕಿಕೊಂಡು ಅವರು ಹೌದೆಂದರೆ ಹಾಳೆಯ ಅಳತೆ ಸರಿಯಾಗಿದೆ.